ಲಿಂಕ್ಡ್‌ಇನ್ ತೆಗೆದ್ರೆ ಹೊಟ್ಟೆ ಉರಿಯುತ್ತಾ? ಆ ಉರಿಯಿಂದ ಮಾಹಿತಿ ತೆಗೆಯೋದು ಹೇಗೆ: ಸಮಗ್ರ ಮಾರ್ಗದರ್ಶಿ

ಮಾರ್ಚ್ ತಿಂಗಳ ಒಂದು ಮಂಗಳವಾರ ಸಂಜೆ, ಸಿಲ್ಕ್ ಬೋರ್ಡ್ ಹತ್ರ ಕ್ಯಾಬ್ ನಿಂತಲ್ಲೇ ನಿಂತಿತ್ತು, ಸುಮ್ನೆ ಫೋನ್ ತೆಗೆದು ಲಿಂಕ್ಡ್‌ಇನ್ ನೋಡ್ತಾ ಇದ್ದೆ. ಕಾಲೇಜಲ್ಲಿ ನಾಲ್ಕು ವರ್ಷ ನನ್ನ ಪಕ್ಕದಲ್ಲೇ ಕೂತಿದ್ದ ಗೆಳೆಯ ಎಂಜಿನಿಯರಿಂಗ್ ಮ್ಯಾನೇಜರ್ ಆದ ಅಂತ ಪೋಸ್ಟ್ ಬಂತು. ಎದೆಯಿಂದ ಕೆಳಗೆ ಬಿಸಿ ಇಳಿದ ಹಾಗಾಯ್ತು. ಕಂಗ್ರಾಟ್ಸ್ ಅಂತ ಟೈಪ್ ಮಾಡ್ದೆ, ಮನೆಗೆ ಬಂದು ರಾತ್ರಿ ಹನ್ನೊಂದರ ತನಕ ಅವನ ಹೊಸ ಕಂಪನಿಯಲ್ಲಿ ಆ ಪೋಸ್ಟಿಗೆ ಎಷ್ಟು ಸಂಬಳ ಇರ್ಬಹುದು ಅಂತ ಹುಡುಕ್ತಾ ಕೂತೆ. ನಾನು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ 11 ವರ್ಷದಿಂದ ಇದೀನಿ, ಮ್ಯಾನೇಜರ್ ಆಗ್ಬೇಕು ಅಂತ ನಾನು ಯಾವತ್ತೂ ಯಾರ ಹತ್ರಾನೂ ಹೇಳಿದವನಲ್ಲ. ಹಂಗಿದ್ರೂ ಯಾಕೆ ಉರೀತು ಅನ್ನೋ ಪ್ರಶ್ನೆ ಆವತ್ತು ಬಿಡ್ಲಿಲ್ಲ. ಅದನ್ನ ಬಿಡಿಸೋಕೆ ಮೂರು ವಾರ ಒಂದು ಲೆಕ್ಕ ಬರೆದೆ, ಆಮೇಲೆ ಆರು ವಾರ ಒಂದು ಪ್ರಯೋಗ ಮಾಡ್ದೆ. ಮುಂದೆ ಬರೆದಿರೋದು ಅದೇ ವಿಧಾನ, ಹಂತ ಹಂತವಾಗಿ, ನನ್ನ ಕೇಸನ್ನೇ ಉದಾಹರಣೆ ಇಟ್ಕೊಂಡು.

ಶುರು ಮಾಡೋ ಮುಂಚೆ: ಉರಿ ಯಾಕೆ ಹತ್ತಿರದವರ ಮೇಲೇ ಬರುತ್ತೆ

ಇನ್ಫೋಸಿಸ್ ನಾರಾಯಣ ಮೂರ್ತಿಯವರ ಆಸ್ತಿ ನೋಡಿ ನಮಗ್ಯಾರಿಗೂ ನಿದ್ದೆ ಕೆಡಲ್ಲ. ಬೆಂಚ್‌ಮೇಟ್‌ಗೆ ಒಂದು ಪ್ರಮೋಷನ್ ಸಿಕ್ರೆ ಕೆಡುತ್ತೆ. ಲಿಯಾನ್ ಫೆಸ್ಟಿಂಗರ್ ಅನ್ನೋ ಮನಶ್ಶಾಸ್ತ್ರಜ್ಞ 1954ರಲ್ಲೇ ಇದನ್ನ ಹೇಳಿದ್ರು, ಅಳೆಯೋಕೆ ಬೇರೆ ಅಳತೆಗೋಲು ಇಲ್ಲದೆ ಇದ್ದಾಗ ಜನ ತಮ್ಮನ್ನ ಬೇರೆಯವರ ಜೊತೆ ಹೋಲಿಸಿ ಅಳೀತಾರೆ, ಅದೂ ತಮಗೆ ಹತ್ತಿರದ ಮಟ್ಟದಲ್ಲಿ ಇರೋರ ಜೊತೆ ಅಂತ. ನಮ್ಮಲ್ಲಿ ಇದಕ್ಕೆ ಮೊದಲಿಂದಾನೂ ಹೆಸರಿದೆ, ದಾಯಾದಿ ಮತ್ಸರ. ದಾಯಾದಿ ಅಂದ್ರೆ ಅದೇ ಜಮೀನಲ್ಲಿ ನನ್ನಷ್ಟೇ ಪಾಲು ಇರೋನು. ಅವನಿಗೆ ಜಾಸ್ತಿ ಹೋಯ್ತು ಅಂದ್ರೆ ನನ್ನದೇ ಕಡಿಮೆ ಆಯ್ತು ಅನ್ನೋ ಲೆಕ್ಕ ಮನಸ್ಸಲ್ಲಿ ತಾನಾಗೇ ಓಡುತ್ತೆ. ಒಂದೇ ಬ್ಯಾಚ್, ಒಂದೇ ಕ್ಯಾಂಪಸ್ ಇಂಟರ್ವ್ಯೂ, ಮೊದಲ್ನೇ ವರ್ಷ ಒಂದೇ ಸಂಬಳ, ಇವರೆಲ್ಲ ನಮ್ಮ ವೃತ್ತಿಯ ದಾಯಾದಿಗಳು, ಲಿಂಕ್ಡ್‌ಇನ್‌ನಲ್ಲಿ ನಮ್ಮ ಕನೆಕ್ಷನ್ ಪಟ್ಟಿ ತುಂಬ ಇರೋದು ಇವರೇ.

ಅಂದ್ರೆ ಉರಿ ಬಂತು ಅಂದ್ರೆ "ಇದು ನನಗೂ ಸಿಗಬಹುದಿತ್ತು" ಅಂತ ಒಳಗೆ ಎಲ್ಲೋ ಲೆಕ್ಕ ಆಗಿದೆ ಅಂತ ಅರ್ಥ. ಆದ್ರೆ ಆ ಲೆಕ್ಕ "ಇದು" ಅಂತ ಯಾವುದನ್ನ ತೋರಿಸ್ತಿದೆ ಅನ್ನೋದು ಪೋಸ್ಟ್ ನೋಡಿದ ತಕ್ಷಣ ಗೊತ್ತಾಗಲ್ಲ, ಅದನ್ನ ಹುಡುಕಬೇಕು.

ಹಂತ 1: ಮೂರು ವಾರ ಬರೀರಿ, ಯಾರನ್ನೂ ಮ್ಯೂಟ್ ಮಾಡ್ಬೇಡಿ

ಜನ ಮೊದ್ಲು ಮಾಡೋದು ಆ್ಯಪ್ ಡಿಲೀಟ್, ಇಲ್ಲಾಂದ್ರೆ ಆ ಮನುಷ್ಯನನ್ನ ಮ್ಯೂಟ್. ಅದು ಆಮೇಲೆ ಮಾಡೋ ಕೆಲಸ. ಈಗ್ಲೇ ಮಾಡಿದ್ರೆ ನೋವು ಕಡಿಮೆ ಆಗುತ್ತೆ ಆದ್ರೆ ಅದು ಏನು ಹೇಳ್ತಿತ್ತು ಅನ್ನೋದೂ ಹೋಗುತ್ತೆ, ನಾಲ್ಕು ತಿಂಗಳು ಬಿಟ್ಟು ಬೇರೆ ಯಾರದೋ ಪೋಸ್ಟಲ್ಲಿ ಅದೇ ಉರಿ ವಾಪಸ್ ಬರುತ್ತೆ.

ಫೋನಿನ ನೋಟ್ಸ್ ಸಾಕು. ಚುರುಕ್ ಅಂದ ಒಂದು ನಿಮಿಷದ ಒಳಗೆ ನಾಲ್ಕು ಸಾಲು ಬರೀಬೇಕು, ರಾತ್ರಿ ಬರೀತೀನಿ ಅಂದ್ರೆ ಆಗಲ್ಲ, ಯಾಕಂದ್ರೆ ರಾತ್ರಿ ಹೊತ್ತಿಗೆ ಮನಸ್ಸು ಒಂದು ಮರ್ಯಾದಸ್ಥ ಕಾರಣ ಕಟ್ಟಿರುತ್ತೆ, "ನನಗೇನೂ ಹೊಟ್ಟೆಕಿಚ್ಚಿಲ್ಲ, ಅವನು ಬರೆದ ರೀತಿ ಸರಿ ಇಲ್ಲ ಅಷ್ಟೇ" ಅಂತ. ನನ್ನ ಮೊದಲ್ನೇ ನಮೂದು ಹೀಗಿತ್ತು:

ಮಂಗಳವಾರ ಸಂಜೆ 6:40, ಕ್ಯಾಬ್, ಸುಸ್ತು, ಮಧ್ಯಾಹ್ನ ರಿಲೀಸ್ ಫೇಲ್ ಆಗಿತ್ತು.
ಬೆಂಚ್‌ಮೇಟ್, ಮ್ಯಾನೇಜರ್ ಆದ ಪೋಸ್ಟ್.
ಉರಿ 10ಕ್ಕೆ 8.
ಮೊದಲು ಬಾಯಿಗೆ ಬಂದ ಮಾತು: "ಇವ್ನಿಗೆ ಹೆಂಗೆ ಸಾಧ್ಯ ಆಯ್ತು?"

ಮೊದಲ್ನೇ ಸಾಲಲ್ಲಿ ಟೈಮು, ನೀವು ಯಾವ ಸ್ಥಿತಿಯಲ್ಲಿದ್ರಿ ಅನ್ನೋದು. ಇದು ಯಾಕೆ ಬೇಕು ಅಂದ್ರೆ, ಸುಸ್ತಾಗಿರುವಾಗ 8 ಬಂದಿದ್ದು ಭಾನುವಾರ ಬೆಳಿಗ್ಗೆ ಅದೇ ಥರದ ಪೋಸ್ಟಿಗೆ 3 ಬಂದ್ರೆ ಅದು ಪೋಸ್ಟಿನ ವಿಷಯ ಅಲ್ಲ, ನಿದ್ದೆಯ ವಿಷಯ. ಕೊನೇ ಸಾಲು ಅತಿ ಮುಖ್ಯ, ಬಾಯಿಗೆ ಬಂದದ್ದನ್ನ ಹಂಗಂಗೇ ಬರೀಬೇಕು, ಕೆಟ್ಟ ಮಾತಾಗಿದ್ರೂ ಸರಿ, ಯಾರಿಗೂ ತೋರಿಸೋ ಪುಸ್ತಕ ಅಲ್ಲ ಇದು.

ಒಂದು ಎಚ್ಚರಿಕೆ. ಲೆಕ್ಕಕ್ಕೋಸ್ಕರ ಹುಡುಕ್ಕೊಂಡು ಹೋಗಿ ಪೋಸ್ಟ್ ನೋಡ್ಬೇಡಿ. ತಾನಾಗೇ ಕಣ್ಣಿಗೆ ಬಿದ್ದಿದ್ದು ಮಾತ್ರ. ಒಬ್ಬರದೇ ಪ್ರೊಫೈಲ್ ದಿನಾ ತೆಗೆದು ನೋಡ್ತಿದೀರಿ ಅಂತ ಅನ್ನಿಸಿದ್ರೆ ಆ ಒಬ್ಬರದ್ದು ಒಂದು ನಮೂದು ಇಟ್ಕೊಂಡು ಉಳಿದದ್ದು ಬಿಡಿ. ಇನ್ನೊಂದು, ಕೆಲಸ ಹೋದ ವಾರ, ಇಂಟರ್ವ್ಯೂ ರಿಜೆಕ್ಟ್ ಆದ ವಾರ ಈ ಲೆಕ್ಕ ಶುರು ಮಾಡ್ಬೇಡಿ, ಆಗ ಎಲ್ಲದಕ್ಕೂ 9 ಬರುತ್ತೆ, ಏನೂ ತಿಳಿಯಲ್ಲ.

ಹಂತ 2: ಪೋಸ್ಟಿನ ಸಾಲು ಅಳಿಸಿ ನೋಡೋದು

ಇಡೀ ವಿಧಾನದಲ್ಲಿ ನನಗೆ ಅತಿ ಹೆಚ್ಚು ಉಪಯೋಗ ಆಗಿದ್ದು ಇದು, ಅದಕ್ಕೆ ನಿಧಾನವಾಗಿ ಹೇಳ್ತೀನಿ.

ಒಂದು ಪೋಸ್ಟ್ ಅಂದ್ರೆ ಒಂದೇ ವಿಷಯ ಅಲ್ಲ, ಐದಾರು ವಿಷಯದ ಗಂಟು. 6ಕ್ಕಿಂತ ಜಾಸ್ತಿ ಬಂದ ಪೋಸ್ಟುಗಳನ್ನ ವಾರದ ಕೊನೆಯಲ್ಲಿ, ತಣ್ಣಗಿರೋವಾಗ ತೆಗೀರಿ, ಒಂದೊಂದು ಸಾಲನ್ನ ಮನಸ್ಸಲ್ಲೇ ಅಳಿಸಿ, "ಈ ಸಾಲು ಇಲ್ದೇ ಹೋಗಿದ್ರೆ ಎಷ್ಟು ಉರೀತಿತ್ತು?" ಅಂತ ಮತ್ತೆ ನಂಬರ್ ಹಾಕಿ.

ಗೆಳೆಯನ ಪೋಸ್ಟಲ್ಲಿ ಇದ್ದದ್ದು: ಮ್ಯಾನೇಜರ್ ಅನ್ನೋ ಡೆಸಿಗ್ನೇಷನ್, ದೊಡ್ಡ ಕಂಪನಿ ಹೆಸರು, 12 ಜನರ ಟೀಮ್, ಮತ್ತೆ ನಾಲ್ಕನೇ ಸಾಲಲ್ಲಿ, ತಾನು ಕಟ್ಟಿದ ಟೆಸ್ಟ್ ಫ್ರೇಮ್‌ವರ್ಕನ್ನ ಹಳೇ ಕಂಪನಿಯಲ್ಲಿ ಆರು ಟೀಮ್ ಬಳಸ್ತಿದಾವೆ, ಅದನ್ನ ಬಿಟ್ಟು ಬರೋದು ಬೇಜಾರು ಅಂತ. ಮ್ಯಾನೇಜರ್ ಅನ್ನೋದನ್ನ ಅಳಿಸಿದೆ, 8 ಇದ್ದದ್ದು 7 ಆಯ್ತು. ಕಂಪನಿ ಹೆಸರು ಅಳಿಸಿದೆ, 7. ಹನ್ನೆರಡು ಜನ ಅಳಿಸಿದೆ, ಬದಲಾಗ್ಲೇ ಇಲ್ಲ, ನಿಜ ಹೇಳ್ಬೇಕಂದ್ರೆ 12 ಜನರ ಅಪ್ರೈಸಲ್ ಬರೆಯೋದು ನೆನೆಸಿಕೊಂಡ್ರೆ ನನಗೆ ಬೇಡ ಅನ್ಸುತ್ತೆ. ಆರು ಟೀಮ್ ಅನ್ನೋ ಸಾಲು ಅಳಿಸಿದೆ, ಸೀದಾ 3ಕ್ಕೆ ಇಳೀತು.

ಆವತ್ತು ರಾತ್ರಿ ಮೂರು ಗಂಟೆ ಹೊತ್ತು ಕೂತು ನಾನು ಹುಡುಕಿದ್ದು ಸಂಬಳ. ಉರಿ ಇದ್ದದ್ದು ನಾಲ್ಕನೇ ಸಾಲಲ್ಲಿ. ನಾನು ಮಾಡಿದ ಒಂದು ವಸ್ತು ನನ್ನ ಟೀಮಿನ ಆಚೆ ಯಾರೂ ಬಳಸಿಲ್ಲ, 11 ವರ್ಷದಲ್ಲಿ ಒಂದೂ ಇಲ್ಲ, ಇದು ನನಗೆ ನೋವಾಗ್ತಿತ್ತು ಅನ್ನೋದು ಈ ಅಳಿಸೋ ಆಟ ಆಡೋ ತನಕ ನನಗೆ ಗೊತ್ತಿರ್ಲಿಲ್ಲ.

ಮೂರು ವಾರಕ್ಕೆ ಒಟ್ಟು 19 ನಮೂದು ಆಯ್ತು. ಅಳಿಸಿ ನೋಡಿದ ಮೇಲೆ ಗುಂಪು ಮಾಡ್ದೆ: ಡೆಸಿಗ್ನೇಷನ್ ಬಗ್ಗೆ 7, ಆದ್ರೆ ಸರಾಸರಿ ಉರಿ 4 ಅಷ್ಟೇ. ವಿದೇಶಕ್ಕೆ ಹೋದವರು 4, ಸರಾಸರಿ 2. ಊರಿಂದಲೇ ಕೆಲಸ ಮಾಡ್ತಿರೋರು 3, ಸರಾಸರಿ 5. ಮಾಡಿದ ವಸ್ತುವನ್ನ ಹೊರಗಿನವರು ಬಳಸ್ತಿದಾರೆ, ಅದರ ಬಗ್ಗೆ ಮಾತಾಡೋಕೆ ಕರೆದಿದಾರೆ ಅನ್ನೋ ಥರದ್ದು 5, ಸರಾಸರಿ 8. ಇಲ್ಲಿ ಎಷ್ಟು ಸಲ ಅನ್ನೋದನ್ನ ನೋಡ್ಬೇಡಿ, ಎಷ್ಟು ಜೋರು ಅನ್ನೋದನ್ನ ನೋಡಿ. ಡೆಸಿಗ್ನೇಷನ್ ಪೋಸ್ಟು ಜಾಸ್ತಿ ಬರೋದು ಲಿಂಕ್ಡ್‌ಇನ್ ಇರೋದೇ ಹಾಗೆ ಅನ್ನೋ ಕಾರಣಕ್ಕೆ, ಅದೇ ನಿಮಗೆ ಬೇಕು ಅನ್ನೋದಕ್ಕಲ್ಲ.

ಯಾವ ಸಾಲು ಅಳಿಸಿದ್ರೂ ಉರಿ ಇಳೀಲಿಲ್ಲ, ಹೆಸರು ಬದಲಾಯಿಸಿದ್ರೆ ಮಾತ್ರ ಇಳೀತು ಅಂದ್ರೆ, ಆಗ ವಿಷಯ ಆ ವ್ಯಕ್ತಿ. ಹಳೇ ಜಗಳ, ಮನೆಯಲ್ಲಿ ಯಾವಾಗ್ಲೂ "ಅವನನ್ನ ನೋಡಿ ಕಲಿ" ಅಂದಿದ್ದು, ಏನೋ ಒಂದು ಇರುತ್ತೆ. ಅದಕ್ಕೆ ವೃತ್ತಿಯಲ್ಲಿ ಉತ್ತರ ಇಲ್ಲ, ಆ ನಮೂದುಗಳನ್ನ ಈ ಲೆಕ್ಕದಿಂದ ತೆಗೆದುಬಿಡಿ, ಆ ಮನುಷ್ಯನನ್ನ ಹಂತ 6ರಲ್ಲಿ ಧಾರಾಳವಾಗಿ ಅನ್‌ಫಾಲೋ ಮಾಡಿ.

ಹಂತ 3: ಫೀಡಿನ ಛೇದ ಹಾಕೋದು

ಶಾಲೆಯಲ್ಲಿ ಭಿನ್ನರಾಶಿ ಕಲಿತಿದೀವಲ್ಲ, ಮೇಲಿರೋದು ಅಂಶ, ಕೆಳಗಿರೋದು ಛೇದ. ಫೀಡ್ ಬರೀ ಅಂಶ ತೋರಿಸುತ್ತೆ. ನಿಮಗೆ 600 ಕನೆಕ್ಷನ್ ಇದೆ ಅಂತಿಟ್ಕೊಳಿ. ಪ್ರತಿಯೊಬ್ಬರೂ ಮೂರು ವರ್ಷಕ್ಕೊಮ್ಮೆ ಮಾತ್ರ ಕೆಲಸ ಬದಲಾಯಿಸ್ತಾರೆ ಇಲ್ಲಾ ಪ್ರಮೋಷನ್ ತಗೋತಾರೆ ಅಂದ್ರೂ ವರ್ಷಕ್ಕೆ 200 ಆಯ್ತು, ವಾರಕ್ಕೆ ಹತ್ತಿರ ಹತ್ತಿರ 4. ನಿಮಗೂ ಮೂರು ವರ್ಷಕ್ಕೊಮ್ಮೆ ಆಗ್ತಿದೆ, ಅವರಿಗೂ ಮೂರು ವರ್ಷಕ್ಕೊಮ್ಮೆ ಆಗ್ತಿದೆ, ಎಲ್ಲರೂ ಸಮ ಸಮ, ಆದ್ರೂ ನಿಮ್ಮ ಕಣ್ಣಿಗೆ ವಾರಕ್ಕೆ ನಾಲ್ಕು ಜನ ಮುಂದೆ ಹೋಗ್ತಾ ಇರ್ತಾರೆ ನೀವು ನಿಂತಿರ್ತೀರಿ. ಲೈಕು ಕಾಮೆಂಟು ಬಿದ್ದಷ್ಟೂ ಅದೇ ಪೋಸ್ಟ್ ಮತ್ತೆ ಮತ್ತೆ ಮೇಲೆ ಬರೋದ್ರಿಂದ ಆ ನಾಲ್ಕು, ಹತ್ತಾಗಿ ಕಾಣುತ್ತೆ.

ಇನ್ನೊಂದು ಓರೆ ಇದೆ. ಸ್ಕಾಟ್ ಫೆಲ್ಡ್ ಅನ್ನೋ ಸಮಾಜಶಾಸ್ತ್ರಜ್ಞ 1991ರಲ್ಲಿ ತೋರಿಸಿದ್ದು, ಹೆಚ್ಚಿನವರಿಗೆ ತಮಗಿಂತ ತಮ್ಮ ಸ್ನೇಹಿತರಿಗೆ ಸರಾಸರಿ ಹೆಚ್ಚು ಸ್ನೇಹಿತರಿರ್ತಾರೆ ಅಂತ. ಕೇಳೋಕೆ ವಿಚಿತ್ರ, ಕಾರಣ ಸುಲಭ. ಐದು ಸಾವಿರ ಕನೆಕ್ಷನ್ ಇರೋನು ಐದು ಸಾವಿರ ಜನರ ಪಟ್ಟಿಯಲ್ಲಿ ಇರ್ತಾನೆ, ಎಂಬತ್ತು ಇರೋನು ಎಂಬತ್ತರಲ್ಲಿ ಮಾತ್ರ. ಹಾಗಾಗಿ ನಿಮ್ಮ ಫೀಡಲ್ಲಿ ಕಾಣೋರು ನಿಮ್ಮ ವೃತ್ತಿಯ ಸರಾಸರಿ ಜನ ಅಲ್ಲ, ಓಡಾಡೋ ಜನ, ತೋರಿಸಿಕೊಳ್ಳೋ ಜನ.

ಇದನ್ನ ಕೈಯಾರೆ ಮಾಡಿ ನೋಡಿ. ನಿಮ್ಮ ಬ್ಯಾಚಿನ ಹಳೇ ಹಾಜರಿ ಪಟ್ಟಿ ನೆನಪಿನಿಂದ ಬರೀರಿ, ಫೀಡ್ ನೋಡ್ದೆ. ನಾನು 41 ಹೆಸರು ಬರೆದೆ. ಅದರಲ್ಲಿ ಹಿಂದಿನ ಒಂದು ವರ್ಷದಲ್ಲಿ ನನಗೆ ಉರಿ ತರೋ ಥರ ಏನಾದ್ರೂ ಪೋಸ್ಟ್ ಮಾಡಿದವರು 6 ಜನ. ಉಳಿದ 35 ಜನ ಏನ್ಮಾಡ್ತಿದಾರೆ ಅಂತ ನನಗೆ ಗೊತ್ತೇ ಇರ್ಲಿಲ್ಲ, ಇಬ್ಬರಿಗೆ ಫೋನ್ ಮಾಡ್ದೆ, ಒಬ್ಬ ಸಿರಸಿ ಹತ್ರ ಅಡಿಕೆ ತೋಟ ನೋಡ್ಕೊಂಡು ಚೆನ್ನಾಗಿದಾನೆ, ಇನ್ನೊಬ್ಬ ಎಂಟು ತಿಂಗಳಿಂದ ಕೆಲಸ ಹುಡುಕ್ತಿದಾನೆ. ಫೋನ್ ಇಟ್ಟ ಮೇಲೆ ಅವನ ರೆಸ್ಯೂಮೆ ಎರಡು ಕಡೆ ಕಳಿಸ್ದೆ.

ಈ ಹಂತದ ಮಿತಿಯನ್ನೂ ಹೇಳ್ಬೇಕು. ಛೇದ ಹಾಕಿದ್ರೆ "ನಾನು ಎಲ್ಲರಿಗಿಂತ ಹಿಂದೆ" ಅನ್ನೋ ಸಾಮಾನ್ಯ ಸಂಕಟ ಇಳಿಯುತ್ತೆ. ನಾಲ್ಕನೇ ಸಾಲಿನ ಉರಿ ಇಳಿಯಲ್ಲ. ಇಳೀಲೂಬಾರದು, ಅದು ನಿಜವಾದ ಆಸೆ.

ಹಂತ 4: ಬಾಯಿಗೆ ಬಂದ ಮಾತನ್ನ ಓದಿ, ಮೂರು ಗುಂಪು ಮಾಡಿ

ಈಗ ಪ್ರತಿ ನಮೂದಿನ ಕೊನೇ ಸಾಲಿಗೆ ಬನ್ನಿ. ಕನ್ನಡದಲ್ಲಿ ಹೊಟ್ಟೆಕಿಚ್ಚು ಅನ್ನೋ ಒಂದೇ ಮಾತಲ್ಲಿ ಎಲ್ಲ ಮುಗಿಸ್ತೀವಿ, ಡಚ್ ಭಾಷೆಯಲ್ಲಿ ಎರಡು ಬೇರೆ ಬೇರೆ ಪದ ಇದೆ, ತಾನೂ ಅಲ್ಲಿಗೆ ಏರಬೇಕು ಅನ್ನಿಸೋ ಹೊಟ್ಟೆಕಿಚ್ಚಿಗೆ ಒಂದು, ಅವನು ಕೆಳಗೆ ಬೀಳ್ಬೇಕು ಅನ್ನಿಸೋದಕ್ಕೆ ಇನ್ನೊಂದು. ನೆದರ್ಲೆಂಡ್ಸ್‌ನ ಫಾನ್ ಡೆ ಫೆನ್ ಅನ್ನೋ ಸಂಶೋಧಕ ಮತ್ತೆ ಅವರ ಜೊತೆಗಾರರು 2009ರಲ್ಲಿ ಈ ಎರಡೂ ಅನುಭವವಾಗಿ ಬೇರೆ ಬೇರೆ ಅಂತ ತೋರಿಸಿದ್ರು. ಎದುರಿನವನಿಗೆ ಸಿಕ್ಕಿದ್ದು ನ್ಯಾಯವಾಗಿ ಸಿಕ್ಕಿದೆ, ನನ್ನ ಕೈಲೂ ಆಗ್ಬಹುದು ಅನ್ನಿಸಿದಾಗ ಮೊದಲ್ನೇದು ಬರುತ್ತೆ, ಅನ್ಯಾಯವಾಗಿ ಸಿಕ್ಕಿದೆ ಅನ್ನಿಸಿದಾಗ ಎರಡನೇದು.

ನಮೂದಲ್ಲಿ ಇದನ್ನ ಗುರುತಿಸೋದು ಕಷ್ಟ ಇಲ್ಲ. "ಹೆಂಗೆ ಮಾಡ್ದ?" ಅಂತ ಬಂದಿದ್ರೆ ಅದು ಆಸೆ ಗುಂಪು, ಹಂತ 5ಕ್ಕೆ ಕಳಿಸಿ.

"ಅವನೇನು ಕಿಸಿದಿದಾನೆ, ಬಾಸಿಗೆ ಬೆಣ್ಣೆ ಹಚ್ಚಿದಾನೆ" ಅಂತ ಬಂದಿದ್ರೆ ನಿಲ್ಲಿ, ಇದಕ್ಕೆ ಒಂದು ಪರೀಕ್ಷೆ ಇದೆ. ಅನ್ಯಾಯ ಆಗಿದೆ ಅಂತ ಮೂರನೆಯವರಿಗೆ ತೋರಿಸೋಕೆ ನಿಮ್ಮ ಹತ್ರ ಏನಿದೆ? ಜಮೀನಿನ ತಕರಾರಲ್ಲಿ ಎಷ್ಟು ಕೂಗಾಡಿದ್ರೂ ಕೊನೆಗೆ ಪಹಣಿ ತೆಗೀಲೇಬೇಕಲ್ಲ, ಹಂಗೆ. ಅದೇ ಗ್ರೇಡು, ಅದೇ ಕೆಲಸ, ಅವರಿಗಿಂತ ಕಡಿಮೆ ಸಂಬಳ, ಅಥವಾ ನೀವು ಮಾಡಿದ ಕೆಲಸ ಬೇರೆಯವರ ಹೆಸರಲ್ಲಿ ಹೋಗಿದೆ, ಹೀಗೆ ದಿನಾಂಕ ಸಮೇತ ಬರೆಯೋಕೆ ಆಗುತ್ತೆ ಅಂದ್ರೆ ಅದು ಹೊಟ್ಟೆಕಿಚ್ಚೇ ಅಲ್ಲ, ಹಕ್ಕಿನ ತಕರಾರು. ಅದನ್ನ ಮನಸ್ಸು ಸರಿ ಮಾಡ್ಕೊಳ್ಳೋ ವಿಷಯ ಅಂತ ನುಂಗಬಾರದು. ಒಂದು ಪುಟದಲ್ಲಿ ಮಾಡಿದ ಕೆಲಸ, ದಿನಾಂಕ, ಫಲಿತಾಂಶ ಬರೆದು ಅಪ್ರೈಸಲ್‌ಗೆ ಎರಡು ತಿಂಗಳು ಮುಂಚೇನೇ ಮ್ಯಾನೇಜರ್ ಮುಂದೆ ಇಡಬೇಕು, ಅಪ್ರೈಸಲ್ ತಿಂಗಳಲ್ಲಿ ಇಟ್ರೆ ಅಷ್ಟು ಹೊತ್ತಿಗೆ ಬಜೆಟ್ ಹಂಚಿ ಆಗಿರುತ್ತೆ. ನನ್ನ ಡೆಸಿಗ್ನೇಷನ್ ಗುಂಪಿನ ಏಳರಲ್ಲಿ ಎರಡು ಹೀಗೇ ಇತ್ತು, ನನ್ನ ಅನುಭವದ ಟೆಸ್ಟರ್‌ಗಳಿಗೆ ಹೊರಗೆ ಕೊಡ್ತಿದ್ದ ಸಂಬಳಕ್ಕೂ ನನ್ನದಕ್ಕೂ ದೊಡ್ಡ ಅಂತರ ಇತ್ತು. ಕೇಳ್ದೆ, ಅರ್ಧ ಸಿಕ್ತು.

ತೋರಿಸೋಕೆ ಏನೂ ಇಲ್ಲ, ಬರೀ ಸಿಟ್ಟಿದೆ ಅಂದ್ರೆ ಆ ನಮೂದನ್ನ ಅಳಿಸಿ ನೋಡೋ ಹಂತಕ್ಕೆ ವಾಪಸ್ ಕಳಿಸಿ. ನನ್ನ ಲೆಕ್ಕದಲ್ಲಿ ಇಂಥವು ಬಹಳಷ್ಟು, ಕೊನೆಗೆ ಆಸೆ ಗುಂಪಿಗೇ ಬಂದವು. ಆಸೆ ಇದೆ ಅಂತ ಒಪ್ಪಿಕೊಳ್ಳೋದು ಕಷ್ಟ ಆದಾಗ ಅವನಿಗೆ ಯೋಗ್ಯತೆ ಇಲ್ಲ ಅನ್ನೋದು ಸುಲಭ.

ಮೂರನೇದು ಬರೀ ಸ್ಥಾನದ್ದು. ಆ ವಸ್ತು ನಿಮಗೆ ಬೇಡ, ಅವನ ಹತ್ರ ಇದೆ ಅನ್ನೋದೇ ನೋವು. ಇದನ್ನ ಗುರುತಿಸೋಕೆ ಅವನ ಮಂಗಳವಾರ ಕೇಳಿ: ಅವನ ಬಿರುದಿನ ಜೊತೆ ಅವನ ಒಂದು ಸಾಮಾನ್ಯ ಮಂಗಳವಾರ ಬೆಳಿಗ್ಗೆ 9ರಿಂದ ರಾತ್ರಿ 9ರ ತನಕ ಪೂರ್ತಿ ತಗೋತೀರಾ? ವಿದೇಶಕ್ಕೆ ಹೋದ ನಾಲ್ಕೂ ಜನರದ್ದು ನನಗೆ ಬೇಡವಾಗಿತ್ತು, ಅಪ್ಪ ಅಮ್ಮನ್ನ ಬಿಟ್ಟು ಹೋಗೋಕೆ ನಾನು ಸಿದ್ಧ ಇಲ್ಲ. ಆ ಗುಂಪಿಗೆ ಏನೂ ಮಾಡ್ಬೇಕಾಗಿಲ್ಲ, ಪಟ್ಟಿಯಲ್ಲಿ ಗೆರೆ ಎಳೆದು ಬಿಟ್ಟೆ.

ಹಂತ 5: ಆ ವ್ಯಕ್ತಿಯನ್ನೇ ಕೇಳಿ, ಆಮೇಲೆ ಆರು ವಾರದ ಪ್ರಯೋಗ

ಆಸೆ ಗುಂಪಲ್ಲಿ ಅತಿ ಜೋರಿದ್ದದ್ದು ಒಂದೇ ಒಂದು ಆರಿಸಿ. ಎರಡು ಬೇಡ.

ಮೊದಲು ಆ ವ್ಯಕ್ತಿಯ ಪ್ರೊಫೈಲಲ್ಲಿ ಬಿರುದು ಬಿಟ್ಟು ತಾರೀಕು ಓದಿ, ಯಾವ ಕೆಲಸದಲ್ಲಿ ಎಷ್ಟು ತಿಂಗಳು ಇದ್ದ, ಪೋಸ್ಟಲ್ಲಿ ಹೇಳಿದ ವಸ್ತು ಯಾವಾಗ ಶುರುವಾಗಿರಬಹುದು ಅಂತ. ಎದುರಿನವರಿಗೆ ನೀವು ನೋಡಿದ್ದು ಗೊತ್ತಾಗೋದು ಬೇಡ ಅಂದ್ರೆ ಲಿಂಕ್ಡ್‌ಇನ್‌ನಲ್ಲಿ Settings → Visibility → Profile viewing options ಒಳಗೆ Private mode ಇದೆ, ಉಚಿತ ಖಾತೆ ಆದ್ರೆ ಅದು ಆನ್ ಇರೋ ತನಕ ನಿಮ್ಮ ಪ್ರೊಫೈಲ್ ಯಾರು ನೋಡಿದ್ರು ಅನ್ನೋದೂ ನಿಮಗೆ ಕಾಣಲ್ಲ.

ಆಮೇಲೆ ಮೆಸೇಜ್ ಮಾಡಿ. "ನೀನು ಹೆಂಗೆ ಸಕ್ಸಸ್ ಆದೆ" ಅಂತ ಕೇಳಿದ್ರೆ ಕಷ್ಟಪಟ್ಟೆ, ಒಳ್ಳೆ ಟೀಮ್ ಇತ್ತು ಅಂತ ಉತ್ತರ ಬರುತ್ತೆ, ಅದರಿಂದ ಏನೂ ಗೊತ್ತಾಗಲ್ಲ. ಅಳಿಸಿ ನೋಡಿ ಸಿಕ್ಕ ಆ ಸಾಲಿನ ಬಗ್ಗೇನೇ ಕೇಳಿ. ನಾನು ಕಳಿಸಿದ್ದು ಇಷ್ಟು: "ಲೋ, ಕಂಗ್ರಾಟ್ಸ್ ಕಣೋ. ಆರು ಟೀಮ್ ನಿನ್ ಫ್ರೇಮ್‌ವರ್ಕ್ ಬಳಸ್ತಿದಾವೆ ಅಂತ ಬರ್ದಿದ್ಯಲ್ಲ, ನಿನ್ ಟೀಮ್ ಬಿಟ್ಟು ಮೊದಲ್ನೇ ಹೊರಗಿನ ಟೀಮ್‌ನ ಹೆಂಗೆ ಒಪ್ಪಿಸ್ದೆ? ಶನಿವಾರ ಇಪ್ಪತ್ತು ನಿಮಿಷ ಫೋನಲ್ಲಿ ಸಿಗ್ತೀಯಾ?"

ಇಪ್ಪತ್ತು ನಿಮಿಷ ಅಂದಿದ್ದು ಒಂದೂವರೆ ಗಂಟೆ ಆಯ್ತು. ಎಷ್ಟು ಟೈಮ್ ಹಿಡೀತು, ಏನು ಕೆಟ್ಟುಹೋಯ್ತು, ಯಾರು ಸಹಾಯ ಮಾಡಿದ್ರು, ಮತ್ತೆ ಮಾಡ್ಬೇಕಾದ್ರೆ ಯಾವುದನ್ನ ಮಾಡಲ್ಲ, ಈ ನಾಲ್ಕೇ ಕೇಳಿದ್ದು. ಎರಡು ವರ್ಷ ಶನಿವಾರ ಬೆಳಿಗ್ಗೆ ಅದಕ್ಕೇ ಕೊಟ್ಟಿದ್ದ. ಮೊದಲು ಕೇಳಿದ ಟೀಮ್ ಎಂಟು ತಿಂಗಳು ಬೇಡ ಅಂದಿತ್ತು, ಎರಡನೇ ಟೀಮಿನ ರಿಲೀಸ್ ಒಂದು ಸಲ ಕೆಟ್ಟ ಮೇಲೆ ಅವರಾಗೇ ಬಂದ್ರು. ಇದು ಪಕ್ಕದ ಕೆಲಸ ಅಂತ ಮೇಲಿನವರು ಲೆಕ್ಕಕ್ಕೇ ತಗೊಳ್ಳದೆ ಎರಡು ಸಲ ಪ್ರಮೋಷನ್ ತಪ್ಪಿತ್ತು. ಮತ್ತೆ ಮಾಡಿದ್ರೆ ಎಲ್ಲ ಟೀಮಿಗೂ ತಾನೇ ಸಪೋರ್ಟ್ ಕೊಡೋದಕ್ಕೆ ಒಪ್ಪಲ್ಲ ಅಂದ. ಕೊನೆಗೆ ಅವನು, "ನೀನು ಆವಾಗ್ಲೇ ಆಟೊಮೇಷನ್ ಮಾಡ್ತಿದ್ದೆ, ನಿನ್ ನೋಡ್ಕೊಂಡೇ ನಾನು ಶುರು ಮಾಡಿದ್ದು ಕಣೋ" ಅಂದ, ಅದಕ್ಕೆ ನನಗೆ ಸ್ವಲ್ಪ ಹೊತ್ತು ಏನೂ ಹೇಳೋಕಾಗ್ಲಿಲ್ಲ.

ಈಗ ಪ್ರಯೋಗ. ಇಲ್ಲಿ ಬಹಳ ಜನ ಮಾಡೋ ತಪ್ಪು ಕಣ್ಣಿಗೆ ಕಾಣೋದನ್ನ ನಕಲು ಮಾಡೋದು. ಅವನು ಪೋಸ್ಟ್ ಮಾಡ್ದ, ನಾನೂ ದಿನಾ ಪೋಸ್ಟ್ ಮಾಡ್ತೀನಿ ಅಂತ ಹೊರಡ್ತಾರೆ. ಪೋಸ್ಟ್ ಅವನ ಎರಡು ವರ್ಷದ ಕೊನೇ ಐದು ನಿಮಿಷ. ನಕಲು ಮಾಡ್ಬೇಕಾಗಿರೋದು ಮೊದಲ್ನೇ ತಿಂಗಳು.

ನನ್ನ ಹತ್ರ ಒಂದು ಸ್ಕ್ರಿಪ್ಟ್ ಇತ್ತು. ಕೋಡ್ ಏನೂ ಬದಲಾಗದೇ ಇದ್ರೂ ಒಂದು ಸಲ ಪಾಸ್ ಒಂದು ಸಲ ಫೇಲ್ ಆಗೋ ಟೆಸ್ಟುಗಳಿರ್ತವೆ, ಫ್ಲೇಕಿ ಅಂತೀವಿ, ಅಂಥವನ್ನ ಹಿಂದಿನ 30 ರನ್ ನೋಡಿ ಹುಡುಕಿ ಕೊಡೋದು. ನನ್ನ ಲ್ಯಾಪ್‌ಟಾಪಲ್ಲಿ ಎರಡು ವರ್ಷದಿಂದ ಬಿದ್ದಿತ್ತು. ವಾರಕ್ಕೆ 3 ಗಂಟೆ, ಆರು ವಾರ ಅಂತ ಇಟ್ಕೊಂಡೆ. ಮೊದಲ ಎರಡು ವಾರ ಅದನ್ನ ಶುಚಿ ಮಾಡಿ ಬೇರೆಯವರು ನನ್ನನ್ನ ಕೇಳದೇ ಓಡಿಸೋ ಹಾಗೆ ಒಂದು ಪುಟದ ವಿವರಣೆ ಬರೆದೆ. ಮೂರನೇ ವಾರ ಪಕ್ಕದ ಎರಡು ಟೀಮಿಗೆ 15 ನಿಮಿಷದ ಡೆಮೊ. ಉಳಿದ ಮೂರು ವಾರ ಅವರು ಬಳಸ್ತಾರಾ ಅಂತ ನೋಡೋದು. ಕಂಪನಿ ಕೋಡ್ ಆದ್ದರಿಂದ ಎಲ್ಲ ಒಳಗೇ ಮಾಡ್ದೆ, ಅನುಮತಿ ಇಲ್ದೆ ಹೊರಗೆ ಹಾಕೋ ಕೆಲಸಕ್ಕೆ ಹೋಗ್ಬೇಡಿ.

ಶುರು ಮಾಡೋ ಮುಂಚೇನೇ ಎರಡು ಪ್ರಶ್ನೆ ಬರೆದಿಡಬೇಕು, ಕೊನೆಯಲ್ಲಿ ಅದಕ್ಕೆ ಮಾತ್ರ ಉತ್ತರ. ಒಂದು ಫಲಿತಾಂಶದ್ದು: ಹೊರಗಿನ ಒಂದು ಟೀಮಾದ್ರೂ ನನ್ನ ಸಹಾಯ ಇಲ್ದೆ ಓಡಿಸ್ತಾ? ಇನ್ನೊಂದು ನಿಮ್ಮದು: ಆ ಮೂರು ಗಂಟೆಗೆ ನಾನು ನನ್ನನ್ನ ತಳ್ಕೊಂಡು ಹೋಗ್ಬೇಕಾಯ್ತಾ, ತಾನಾಗೇ ಕೂತೆನಾ? ಎರಡನೇದಕ್ಕೆ ಆರರಲ್ಲಿ ನಾಲ್ಕು ವಾರ ತಳ್ಕೊಂಡೇ ಹೋದೆ ಅನ್ನೋ ಉತ್ತರ ಬಂದ್ರೆ ನಿಮಗೆ ಬೇಕಾಗಿರೋದು ಆ ಹೆಸರು, ಆ ಕೆಲಸ ಅಲ್ಲ, ಅದೂ ತಿಳಿದ ಹಾಗಾಯ್ತು.

ನನಗೆ ಬಂದ ಉತ್ತರ ಮಿಶ್ರ. ಒಂದು ಟೀಮ್ ಬೇಡ ಅಂತು, ಅವರ ರನ್ ಲಾಗ್ ಬೇರೆ ಥರ ಇತ್ತು. ಇನ್ನೊಂದು ಟೀಮ್ ಐದನೇ ವಾರ ಅವರಾಗೇ ಓಡಿಸಿ 14 ಫ್ಲೇಕಿ ಟೆಸ್ಟ್ ಹುಡುಕಿದ್ರು. ವಿವರಣೆ ಬರೆಯೋವಾಗ ಟೈಮ್ ಹೋಗಿದ್ದೇ ಗೊತ್ತಾಗ್ತಿರ್ಲಿಲ್ಲ, ಡೆಮೊ ಕೊಡೋದು ಖುಷಿ ಆಯ್ತು, ಆಮೇಲೆ ಬಂದ ಪ್ರಶ್ನೆಗಳಿಗೆ ಉತ್ತರ ಕೊಡೋದು ಬೇಜಾರಾಯ್ತು. ಗೆಳೆಯ ಸಪೋರ್ಟ್ ಬಗ್ಗೆ ಯಾಕೆ ಹಂಗಂದ ಅಂತ ಆಗ ಅರ್ಥ ಆಯ್ತು. ಮುಂದಿನ ಸಲ ಆ ಟೀಮಿಂದ ಒಬ್ಬರು ಜೊತೆಗೆ ಸೇರಿದ್ರೆ ಮಾತ್ರ ಹೊಸ ಟೀಮಿಗೆ ಕೊಡೋದು ಅಂತ ನಿಯಮ ಮಾಡ್ಕೊಂಡಿದೀನಿ.

ಹಂತ 6: ಈಗ ಫೀಡ್ ಸರಿ ಮಾಡಿ

ಮಾಹಿತಿ ತೆಗೆದಾಯ್ತಲ್ಲ, ಇನ್ನು ಬೇಡವಾದ್ದನ್ನ ಇಟ್ಕೋಬೇಕಾಗಿಲ್ಲ. "ಬರೀ ಸ್ಥಾನದ್ದು" ಗುಂಪಿನವರನ್ನೂ, ಹೆಸರಿಗೇ ಉರಿಯೋರನ್ನೂ ಅನ್‌ಫಾಲೋ ಮಾಡಿ. ಲಿಂಕ್ಡ್‌ಇನ್‌ನಲ್ಲಿ ಅನ್‌ಫಾಲೋ ಮಾಡಿದ್ರೂ ಕನೆಕ್ಷನ್ ಹಾಗೇ ಇರುತ್ತೆ, ಅವರಿಗೆ ಸೂಚನೆ ಹೋಗಲ್ಲ. ಇನ್‌ಸ್ಟಾಗ್ರಾಮಲ್ಲಿ ಅವರ ಪ್ರೊಫೈಲ್ ತೆರೆದು Following ಒತ್ತಿದ್ರೆ Mute ಸಿಗುತ್ತೆ, ಅದೂ ಅವರಿಗೆ ಗೊತ್ತಾಗಲ್ಲ. ಲಿಂಕ್ಡ್‌ಇನ್ ಫೀಡನ್ನ Settings → Account preferences → Preferred feed view ಒಳಗೆ Most recent posts ಅಂತ ಇಟ್ರೆ ಜಾಸ್ತಿ ಲೈಕ್ ಬಿದ್ದ ಪೋಸ್ಟ್ ವಾರಗಟ್ಟಲೆ ತಲೆ ಮೇಲೆ ಕೂರೋದು ಕಡಿಮೆ ಆಗುತ್ತೆ.

ಆಸೆ ಗುಂಪಿನವರನ್ನ ಮಾತ್ರ ಬಿಡ್ಬೇಡಿ. ಅವರಲ್ಲಿ ಮೂರೋ ನಾಲ್ಕೋ ಜನ, ನಿಮಗಿಂತ ಎರಡು ಮೂರು ವರ್ಷ ಅಷ್ಟೇ ಮುಂದಿರೋರು, ಕೆಲಸ ಹೆಂಗೆ ಮಾಡ್ತೀವಿ ಅಂತ ಬರೆಯೋರು ಫೀಡಲ್ಲಿ ಇರ್ಲಿ. ಹದಿನೈದು ವರ್ಷ ಮುಂದಿರೋರ ಪೋಸ್ಟಿಂದ ನಾಳೆ ಬೆಳಿಗ್ಗೆ ಏನು ಮಾಡ್ಬೇಕು ಅಂತ ತಿಳಿಯೋದು ಕಡಿಮೆ.

ಈ ವಿಧಾನ ಕೆಲಸ ಮಾಡದೇ ಇರೋ ಜಾಗ

ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಇಲ್ಲ, ಊಟ ಸೇರಲ್ಲ, ಪೋಸ್ಟ್ ನೋಡ್ಲಿ ಬಿಡ್ಲಿ ನಾನು ಯಾವುದಕ್ಕೂ ಲಾಯಕ್ಕಿಲ್ಲ ಅನ್ನೋದು ದಿನವಿಡೀ ಇರುತ್ತೆ ಅಂದ್ರೆ ಅದು ಲೆಕ್ಕ ಬರೆದು ಬಿಡಿಸೋ ವಿಷಯ ಅಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ನೋಟ್ಸ್ ಮುಚ್ಚಿಟ್ಟು ಮೊದಲು ಅಲ್ಲಿಗೆ ಫೋನ್ ಮಾಡಿ.

ಮತ್ತೆ ಅಳೆಯೋದು

ಪ್ರಯೋಗ ಮುಗಿದ ಮೂರು ತಿಂಗಳಿಗೆ ಒಂದೇ ಒಂದು ವಾರ ಮತ್ತೆ ಬರೀರಿ. ಉರಿ ಸೊನ್ನೆ ಆಗಿದೆಯಾ ಅಂತ ನೋಡ್ಬೇಡಿ, ಅದೇ ಜಾಗದಲ್ಲಿದೆಯಾ, ಜಾಗ ಬದಲಾಗಿದೆಯಾ ಅಂತ ನೋಡಿ. ನನ್ನದ್ರಲ್ಲಿ, ಮಾಡಿದ ವಸ್ತು ಹೊರಗಿನವರು ಬಳಸೋ ಥರದ ಪೋಸ್ಟುಗಳಿಗೆ 8 ಇದ್ದದ್ದು 4 ಆಗಿತ್ತು, ಬಾಯಿಗೆ ಬರೋ ಮಾತೂ "ಇವ್ರು ಸಪೋರ್ಟ್ ಹೆಂಗೆ ನಿಭಾಯಿಸ್ತಾರೋ" ಅಂತ ಬದಲಾಗಿತ್ತು. ಆದ್ರೆ ಊರಿಂದ ಕೆಲಸ ಮಾಡೋರ ಪೋಸ್ಟಿಗೆ ಆಗ 5 ಇತ್ತಲ್ಲ, ಈಗ ಅದು 7. ಹೋದ ಶನಿವಾರ ಅಂಥ ಒಂದು ಪೋಸ್ಟ್ ತೆಗೆದು ಸಾಲು ಸಾಲು ಅಳಿಸ್ತಾ ಕೂತಿದ್ದೆ. ಮನೆ, ಹಸಿರು, ಟ್ರಾಫಿಕ್ ಇಲ್ಲ ಅನ್ನೋದು, ಯಾವುದು ಅಳಿಸಿದ್ರೂ 7 ಹಾಗೇ ಇತ್ತು. ಫೋಟೋದ ಮೂಲೆಯಲ್ಲಿ ಅವರ ಅಪ್ಪ ಜಗಲಿ ಮೇಲೆ ಕೂತು ಪೇಪರ್ ಓದ್ತಿದ್ರು, ಅವರನ್ನ ಅಳಿಸಿದಾಗ 2ಕ್ಕೆ ಇಳೀತು.